ಹಾಳೆಯ ಮೂಲೆಯ ಅಂದಾಜು

ನನ್ನ ಸ್ಲೈಡ್ ರೂಲ್ ಇನ್ನೂ ನನ್ನ ಹತ್ತಿರವೇ ಇದೆ. ಬೀರುವಿನ ಕೆಳಗಿನ ಖಾನೆಯಲ್ಲಿ, ಚರ್ಮದ ಚೀಲದಲ್ಲಿ, ಹಳೆಯ ಪಂಚೆಗಳ ಅಡಿಯಲ್ಲಿ. ಎಸೆಯುವ ಧೈರ್ಯ ಬರಲಿಲ್ಲ, ಹೊರಗೆ ತೆಗೆಯುವ ಮನಸ್ಸೂ ಇಲ್ಲ. ಮನೆಯಲ್ಲಿ ಯಾರಾದರೂ ಅದನ್ನು ಕೈಗೆತ್ತಿಕೊಂಡು "ಇದರಲ್ಲಿ ಲೆಕ್ಕ ಹೇಗೆ ಮಾಡ್ತಿದ್ರಿ?" ಎಂದು ಕೇಳಿದರೆ ನಾನು ಸಿಡುಕುತ್ತೇನೆ. ಮುದುಕನಿಗೆ ಸಿಟ್ಟು ಜಾಸ್ತಿ ಅಂದುಕೊಂಡು ಅವರು ಸುಮ್ಮನಾಗುತ್ತಾರೆ. ಅದು ಸಿಟ್ಟಲ್ಲ.

ಕಾಲೇಜಿನಿಂದ ಹೊರಬಿದ್ದು ದೊಡ್ಡಬಳ್ಳಾಪುರದ ಸರ್ಕಾರಿ ಕಟ್ಟೋಣ ಕಚೇರಿಗೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಮೊದಲನೇ ದರ್ಜೆಯಲ್ಲಿ ಪಾಸಾಗಿದ್ದೆ. ಅದನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿ ಸಿಗದೆ ಜನ ಪಡಿತರದ ಸಾಲಿನಲ್ಲಿ ನಿಲ್ಲುತ್ತಿದ್ದರು. ಬೆಳೆ ಹೆಚ್ಚಿಸಬೇಕು, ಒಡೆದು ಬಿದ್ದ ಹಳೆಯ ಕೆರೆಗಳನ್ನೆಲ್ಲ ಬೇಗ ದುರಸ್ತಿ ಮಾಡಬೇಕು ಎಂದು ಮೇಲಿನಿಂದ ಕಾಗದದ ಮೇಲೆ ಕಾಗದ ಬರುತ್ತಿತ್ತು. ಕೆಲಸ ಬೇಕು, ಆದರೆ ಸಿಮೆಂಟ್ ಇಲ್ಲ, ಕಬ್ಬಿಣ ಇಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹೊಸ ಎಂಜಿನಿಯರ್ ಬಂದನೆಂದರೆ ಅವನ ಮೇಜಿನ ಮೇಲೆ ನಕ್ಷೆಗಳ ರಾಶಿ ಬೀಳುವುದು ಸಹಜ. ಬಿತ್ತು.

ಆ ಕಚೇರಿಯಲ್ಲಿ ನನ್ನ ಕೈಕೆಳಗೆ ಒಬ್ಬ ಹಿರಿಯ ಓವರ್‌ಸಿಯರ್ ಇದ್ದರು. ಐವತ್ತು ದಾಟಿದವರು, ಊರಿನ ನೇಕಾರರ ಮನೆತನ. ಹೈಸ್ಕೂಲಿನ ಆಚೆ ಓದಿರಲಿಲ್ಲ. ಇಪ್ಪತ್ತೆಂಟು ವರ್ಷ ಏರಿಯ ಮೇಲೆ, ತೂಬಿನ ಬಾಯಲ್ಲಿ, ಕಲ್ಲುಕುಟಿಕರ ನಡುವೆ ಬಿಸಿಲಿಗೆ ಬೆಂದವರು. ಕಪ್ಪು ಕೋಟು, ಕಚ್ಚೆ ಪಂಚೆ, ತಲೆಗೆ ರುಮಾಲು. ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಮೋಟು ಸೀಸದ ಕಡ್ಡಿ.

ಅವರಿಗೊಂದು ಅಭ್ಯಾಸವಿತ್ತು. ಯಾವ ಲೆಕ್ಕವೇ ಬರಲಿ, ಲೆಕ್ಕ ಮಾಡುವ ಮೊದಲೇ ಹಾಳೆಯ ಮೇಲಿನ ಎಡಮೂಲೆಯಲ್ಲಿ ಒಂದು ಅಂಕಿ ಬರೆದುಬಿಡುತ್ತಿದ್ದರು. ಉತ್ತರ ಸುಮಾರು ಎಷ್ಟು ಬಂದೀತು ಅನ್ನುವ ಅಂದಾಜು. ಏರಿಯ ಮಣ್ಣು ಎಷ್ಟು ಘನ ಅಡಿ, ಒಂದು ಗೋಡೆಗೆ ಎಷ್ಟು ಕಲ್ಲು, ಕಾಲುವೆಯಲ್ಲಿ ಎಷ್ಟು ನೀರು, ಯಾವುದಾದರೂ ಸರಿ. ಆಮೇಲೆ ಪುಟಗಟ್ಟಲೆ ಗುಣಾಕಾರ ಭಾಗಾಕಾರ ಮುಗಿಸಿ, ಬಂದ ಉತ್ತರವನ್ನು ಮೂಲೆಯ ಅಂಕಿಯ ಪಕ್ಕಕ್ಕೆ ಹಿಡಿದು ನೋಡುವರು. ಒಂದಕ್ಕೊಂದು ಹತ್ತಿರವಿದ್ದರೆ ಸಹಿ. ಐದು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಕಂಡರೆ ಕಡ್ಡಿ ಕೆಳಗಿಟ್ಟು, "ಎಲ್ಲೋ ಎಡವಿದೀವಿ ಸ್ವಾಮಿ" ಅನ್ನುವರು.

ಇದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ಆಗಿನ್ನೂ ಬಂದ ಹೊಸತು, ಸ್ವಲ್ಪ ವಿನಯ ಉಳಿದಿತ್ತು.

"ನಮ್ಮವ್ವನ ಹತ್ರ ಸ್ವಾಮಿ. ನೂಲಿನ ಲಡಿ ತಂದ್ರೆ ಅಂಗೈ ಮೇಲಿಟ್ಕೊಂಡು, ಇದು ಸೀರೆಗೆ ಸಾಲ್ದು, ಸೆರಗಿಗೆ ಬರೋ ಹೊತ್ಗೆ ಮುಗ್ದೋಗ್ತದೆ ಅನ್ನೋಳು. ತಕ್ಕಡಿ ಆಮೇಲೆ. ಮಗ್ಗಕ್ಕೆ ಎಳೆ ಕಟ್ಟಿದ್ಮೇಲೆ ನೂಲು ಸಾಲ್ದು ಅಂತ ಗೊತ್ತಾದ್ರೆ ಏನ್ ಮಾಡಾದು? ಮೊದ್ಲೇ ಗೊತ್ತಾಗ್ಬೇಕು."

ನಾನು ನಕ್ಕೆ. ಇಷ್ಟೇ ಎಂಜಿನಿಯರಿಂಗ್ ಆಗಿದ್ದರೆ ನಾಲ್ಕು ವರ್ಷ ಕಾಲೇಜಿಗೆ ಯಾಕೆ ಹೋಗಬೇಕಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ಹತ್ತಿರ ಸ್ಲೈಡ್ ರೂಲ್ ಇತ್ತು. ಇಡೀ ಕಚೇರಿಯಲ್ಲಿ ಅದು ಇದ್ದದ್ದು ನನಗೆ ಮತ್ತು ನಮ್ಮೆಲ್ಲರ ಮೇಲಿದ್ದ ದೊಡ್ಡ ಸಾಹೇಬರಿಗೆ ಮಾತ್ರ. ಮಧ್ಯದ ಪಟ್ಟಿಯನ್ನು ಜಾರಿಸಿ, ಗಾಜಿನ ಮೇಲಿನ ಕೂದಲೆಳೆಯ ಗೆರೆಯನ್ನು ಅಂಕಿಯ ಮೇಲೆ ನಿಲ್ಲಿಸಿದರೆ ಉತ್ತರ ಕಣ್ಣೆದುರಿಗೆ. ಗುಮಾಸ್ತರು ಬಂದು ನಿಂತು ನೋಡುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು.

ಆ ಸ್ಲೈಡ್ ರೂಲ್ ಪಟ್ಟಿಗೆ ಒಂದು ಗುಣವಿದೆ, ಅದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಅಂಕಿಗಳನ್ನು ಕೊಡುತ್ತದೆ, ಅವು ಎಷ್ಟು ದೊಡ್ಡವು ಎಂದು ಹೇಳುವುದಿಲ್ಲ. ಒಂದು, ಎರಡು ಎಂಬ ಎರಡು ಅಂಕಿ ತೋರಿಸಿದರೆ ಅದು ಹನ್ನೆರಡೋ, ನೂರಿಪ್ಪತ್ತೋ, ಒಂದೂ ಕಾಲಿಗೆ ಸ್ವಲ್ಪ ಕಡಿಮೆಯೋ, ನಿರ್ಧರಿಸಬೇಕಾದವನು ಪಟ್ಟಿ ಹಿಡಿದವನು. ಘನಮೂಲದ ಗೆರೆಯಲ್ಲಂತೂ ಒಂದರಿಂದ ಹತ್ತರವರೆಗಿನ ಅಳತೆ ಪಕ್ಕಪಕ್ಕದಲ್ಲಿ ಮೂರು ಸಲ ಬರುತ್ತದೆ. ಮೊದಲ ತುಂಡು ಒಂದರಿಂದ ಹತ್ತಕ್ಕೆ, ಎರಡನೆಯದು ಹತ್ತರಿಂದ ನೂರಕ್ಕೆ, ಮೂರನೆಯದು ನೂರರಿಂದ ಸಾವಿರಕ್ಕೆ. ಮೂರೂ ನೋಡಲು ಒಂದೇ. ಹನ್ನೆರಡನ್ನು ಎರಡನೆಯ ತುಂಡಿನಲ್ಲಿ ಹುಡುಕಬೇಕು. ಮೊದಲನೆಯದರಲ್ಲಿ ಹುಡುಕಿದರೂ ಗೆರೆ ಸಿಗುತ್ತದೆ, ಉತ್ತರವೂ ಸಿಗುತ್ತದೆ. ಪಟ್ಟಿ ಬೇಡ ಅನ್ನುವುದಿಲ್ಲ.

ಆ ವರ್ಷ ನಮ್ಮ ಪಾಲಿಗೆ ಬಂದ ಕೆರೆಗಳಲ್ಲಿ ಒಂದು ನೆಲಮಂಗಲದ ಕಡೆಯದು. ಅದರ ಏರಿಯ ಮೇಲೆ ನಿಂತರೆ ದೂರದಲ್ಲಿ ಶಿವಗಂಗೆಯ ಬೆಟ್ಟ ಕಾಣುತ್ತಿತ್ತು. ನನ್ನ ತಂದೆಯ ಕಾಲದಲ್ಲಿ ಒಡೆದು ಹೋಗಿ, ಅಂಗಳದಲ್ಲಿ ಜಾಲಿ ಬೆಳೆದಿದ್ದ ದೊಡ್ಡ ಕೆರೆ. ಏರಿ ಕಟ್ಟಿ, ತೂಬು ಸರಿಮಾಡಿ, ಹೊಸ ಕೋಡಿ ಇಡಬೇಕು. ಕೋಡಿಯೆಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಏರಿಗೆ ಅಪಾಯವಾಗದಂತೆ ಹೊರಗೆ ಹರಿಯುವ ಕಲ್ಲಿನ ಕಟ್ಟೆ. ಅದು ಎಷ್ಟು ಉದ್ದ ಇರಬೇಕು ಅನ್ನುವುದೇ ಕೆರೆಯ ಜೀವದ ಪ್ರಶ್ನೆ. ಸಾಲದೆ ಹೋದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಆಮೇಲೆ ಯಾರು ಏನು ಮಾಡಿದರೂ ಕೆರೆ ಉಳಿಯುವುದಿಲ್ಲ.

ಆ ಕೆರೆಗೆ ಹನ್ನೆರಡು ಚದರ ಮೈಲಿ ನೆಲದ ಮಳೆನೀರು ಇಳಿಯುತ್ತಿತ್ತು. ಸೂತ್ರ ಸರಳ. ಹನ್ನೆರಡರ ಘನಮೂಲ ತೆಗೆದು, ಅದನ್ನು ವರ್ಗಮಾಡಿ, ಐನೂರರಿಂದ ಗುಣಿಸಿದರೆ ಜೋರು ಮಳೆಯಲ್ಲಿ ಸೆಕೆಂಡಿಗೆ ಎಷ್ಟು ಘನ ಅಡಿ ನೀರು, ಅಂದರೆ ಎಷ್ಟು ಕ್ಯೂಸೆಕ್ ಬಂದೀತು ಎಂದು ಸಿಗುತ್ತದೆ. ಐನೂರು ನಮ್ಮ ಕಚೇರಿಯ ರೂಢಿ. ಅದೇ ಬೆಳಿಗ್ಗೆ ನಾನು ಸಾಲಾಗಿ ಐದಾರು ಸಣ್ಣ ಕೆರೆಗಳ ಲೆಕ್ಕ ಮುಗಿಸಿದ್ದೆ. ಎಲ್ಲವೂ ಒಂದೂವರೆ, ಎರಡು, ಮೂರು ಚದರ ಮೈಲಿಯ ಕೆರೆಗಳು. ಕೈ ಮೊದಲ ತುಂಡಿಗೇ ಒಗ್ಗಿಹೋಗಿತ್ತು. ಹನ್ನೆರಡಕ್ಕೂ ಅಲ್ಲೇ ನಿಲ್ಲಿಸಿದೆ. ಘನಮೂಲದ ವರ್ಗ ೧.೧೩ ಎಂದು ಪಟ್ಟಿ ತೋರಿಸಿತು. ಐನೂರರಿಂದ ಗುಣಿಸಿ ಐನೂರ ಅರವತ್ತೈದು ಕ್ಯೂಸೆಕ್ ಎಂದು ಬರೆದೆ. ಕೋಡಿಯ ಮೇಲೆ ಎರಡು ಅಡಿ ನೀರು ಹರಿಯಲು ಬಿಟ್ಟರೆ ಒಂದೊಂದು ಅಡಿ ಉದ್ದಕ್ಕೆ ಎಂಟೂವರೆ ಕ್ಯೂಸೆಕ್ ಹೋಗುತ್ತದೆ. ಭಾಗಿಸಿದೆ, ಅರವತ್ತಾರೂವರೆ ಅಡಿ. ಇರಲಿ ಎಂದು ಎಪ್ಪತ್ತು ಮಾಡಿದೆ. ಧಾರಾಳ ತೋರಿಸಿದೆನೆಂದು ಹೆಮ್ಮೆ ಬೇರೆ.

ಎಂಟರ ಘನಮೂಲ ಎರಡು, ಎರಡರ ವರ್ಗ ನಾಲ್ಕು. ಹನ್ನೆರಡು ಎಂಟಕ್ಕಿಂತ ದೊಡ್ಡದು, ಆದ್ದರಿಂದ ಉತ್ತರ ನಾಲ್ಕಕ್ಕಿಂತ ಹೆಚ್ಚೇ ಇರಬೇಕು. ಮಿಡ್ಲ್ ಸ್ಕೂಲಿನ ಮಕ್ಕಳೂ ಬಾಯಲ್ಲಿ ಹೇಳಬಹುದಾದಷ್ಟು ಸಣ್ಣ ವಿಷಯ. ನಾನು ಒಂದೂ ಚಿಲ್ಲರೆ ಎಂದು ಬರೆದು ಮುಂದಿನ ಕೆರೆಗೆ ಹೋದೆ.

ಹಾಳೆಯ ಕೆಳಗೆ ಎರಡು ಸಹಿ ಬೇಕಿತ್ತು, ಲೆಕ್ಕ ಮಾಡಿದವರದು ಮತ್ತು ತಪಾಸಣೆ ಮಾಡಿದವರದು. ನನ್ನ ಸಹಿ ಹಾಕಿ ಓವರ್‌ಸಿಯರ್ ಅವರ ಮೇಜಿಗೆ ಕಳಿಸಿದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅವರು ಹಾಳೆ ಹಿಡಿದು ನನ್ನ ಮೇಜಿನ ಪಕ್ಕ ನಿಂತಿದ್ದರು. ಎಡಮೂಲೆಯಲ್ಲಿ, ಸೀಸದ ಕಡ್ಡಿಯನ್ನು ಒತ್ತಿ ಬರೆದಿದ್ದರು: ೨೫೦೦. ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು.

"ಏನಿದು?" ಎಂದೆ.

"ಇಪ್ಪತ್ತೈದ್ ನೂರು ಬರ್ಬೇಕಾಗಿತ್ತು ಅನ್ನಿಸ್ತದೆ ಸ್ವಾಮಿ. ನೀವು ಐನೂರ ಚಿಲ್ರೆ ಹಾಕಿದೀರಿ."

"ಸೂತ್ರದ ಪ್ರಕಾರ ಬಂದದ್ದು. ನಿಮ್ಮ ಇಪ್ಪತ್ತೈದು ನೂರು ಯಾವ ಸೂತ್ರ?"

"ಸೂತ್ರ ಎಂತದೂ ಇಲ್ಲ ಸ್ವಾಮಿ. ಒಂದು ಎಕ್ರೆ ಮೇಲೆ ಒಂದು ಗಂಟೆಲಿ ಒಂದಿಂಚು ಮಳೆ ಬಿದ್ರೆ ಹತ್ತತ್ರ ಒಂದು ಕ್ಯೂಸೆಕ್ ಆಯ್ತದೆ. ಅದೊಂದು ನೆನಪಿಟ್ಕಂಡಿದೀನಿ. ಮೈಲಿಗೆ ಆರ್ನೂರ ನಲವತ್ತು ಎಕ್ರೆ, ಹನ್ನೆರಡು ಮೈಲಿಗೆ ಏಳೂವರೆ ಸಾವ್ರ ಅಂತ ಇಟ್ಕಳಿ. ಗಂಟೆಗೆ ಒಂದಿಂಚು ಬಿದ್ರೆ ಏಳೂವರೆ ಸಾವ್ರ ಕ್ಯೂಸೆಕ್. ಮೂರರಲ್ಲಿ ಎಲ್ಡು ಪಾಲು ಮಣ್ಣು ಕುಡ್ಕಳ್ಳಿ, ಹೊಂಡದಾಗೆ ನಿಲ್ಲಿ. ಒಂದು ಪಾಲು ಬಂದ್ರೂ ಇಪ್ಪತ್ತೈದು ನೂರು. ನಿಮ್ಮ ಲೆಕ್ಕದಾಗೆ ನೂರಕ್ಕೆ ಏಳು ಪಾಲು ಬತ್ತದೆ. ಮಿಕ್ಕ ತೊಂಬತ್ಮೂರು ಎಲ್ಲಿಗೋಯ್ತು?"

ಲೆಕ್ಕ ಸರಿಯಾಗಿತ್ತು. ಎಕರೆಗೆ ನಲವತ್ಮೂರು ಸಾವಿರದ ಐನೂರ ಅರವತ್ತು ಚದರ ಅಡಿ. ಒಂದಿಂಚು ಅಂದರೆ ಅಡಿಯ ಹನ್ನೆರಡನೇ ಒಂದು ಪಾಲು. ಮೂರು ಸಾವಿರದ ಆರುನೂರ ಮೂವತ್ತು ಘನ ಅಡಿ ನೀರು. ಗಂಟೆಗೆ ಮೂರು ಸಾವಿರದ ಆರುನೂರು ಸೆಕೆಂಡು. ಭಾಗಿಸಿದರೆ ಒಂದು. ಇಷ್ಟು ಅಂದವಾದ ಲೆಕ್ಕ ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ನನಗೆ ಉರಿ ಹತ್ತಿಸಿತು. ಪಕ್ಕದ ಮೇಜಿನ ಗುಮಾಸ್ತರು ಕತ್ತೆತ್ತಿ ನೋಡುತ್ತಿದ್ದರು.

"ಇರಿ, ಮತ್ತೆ ಮಾಡಿ ತೋರಿಸ್ತೀನಿ" ಎಂದು ಪಟ್ಟಿ ತೆಗೆದೆ. ಮತ್ತೆ ಅದೇ ತುಂಡಿನಲ್ಲಿ, ಅದೇ ಗೆರೆಯ ಮೇಲೆ ನಿಲ್ಲಿಸಿದೆ. ಮತ್ತೆ ೧.೧೩. ಮತ್ತೆ ಐನೂರ ಅರವತ್ತೈದು. "ನೋಡಿ, ಎರಡು ಸಲ ಮಾಡಿದೆ. ಎರಡು ಸಲವೂ ಅದೇ ಬಂತು."

ತಪ್ಪು ದಾರಿಯಲ್ಲಿ ಎರಡು ಸಲ ನಡೆದರೆ ಎರಡು ಸಲವೂ ಅದೇ ತಪ್ಪು ಊರು ಸಿಗುತ್ತದೆ. ತಾಳೆ ನೋಡಬೇಕಾದರೆ ಬೇರೆ ದಾರಿಯಲ್ಲಿ ನಡೆಯಬೇಕು. ಅವರು ನಡೆದಿದ್ದರು. ನಾನು ಅದೇ ದಾರಿಯಲ್ಲಿ ಕತ್ತು ಬಗ್ಗಿಸಿಕೊಂಡು ಮತ್ತೆ ಹೋದೆ.

ಅವರು ಪಟ್ಟಿಯನ್ನು ನೋಡಿದರು. ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. "ಕೈಯಾಗೆ ಮಾಡಿ ನೋಡಣ್ವಾ ಸ್ವಾಮಿ? ಲಾಗರಿದಮ್ ಪುಸ್ತಕ ಐತಲ್ಲ" ಎಂದರು.

"ಓವರ್‌ಸಿಯರ್‌ರೇ, ಇದು ಸೀರೆಯ ನೂಲಲ್ಲ" ಎಂದುಬಿಟ್ಟೆ. ಗುಮಾಸ್ತರಲ್ಲಿ ಯಾರೋ ಕಿಸಕ್ಕೆಂದರು. ಹಾಳೆ ದೊಡ್ಡ ಕಚೇರಿಗೆ ಹೋಗಬೇಕಿತ್ತು, ಕೊಳೆಯಾಗಿ ಹೋಗಬಾರದು. ನಾನೇ ರಬ್ಬರ್ ತೆಗೆದು ಆ ೨೫೦೦ ಮತ್ತು ಅದರ ಪ್ರಶ್ನೆಯ ಗುರುತನ್ನು ಉಜ್ಜಿ ಅಳಿಸಿದೆ. ಪುಡಿಯನ್ನು ಉಫ್ ಎಂದು ಊದಿದೆ. ಹಾಳೆಯನ್ನು ಅವರ ಕಡೆಗೆ ತಿರುಗಿಸಿ, ಪೆನ್ನು ಕೊಟ್ಟೆ.

ಅವರು ಪೆನ್ನು ತೆಗೆದುಕೊಂಡರು. "ನೀವು ಓದ್ದೋರು ಸ್ವಾಮಿ" ಎಂದು ಸಹಿ ಹಾಕಿದರು. ಕೊಂಕಿನಿಂದ ಹೇಳಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿ ಹೇಳಿದರು, ಅಥವಾ ನಂಬಲು ಪ್ರಯತ್ನಪಟ್ಟರು. ದೊಡ್ಡ ಸಾಹೇಬರಿಗೂ ಎಪ್ಪತ್ತು ಅಡಿಯ ಕೋಡಿ ಇಷ್ಟವಾಯಿತು. ಸಿಮೆಂಟ್ ಕಡಿಮೆ ಸಾಕಲ್ಲ. ಮಂಜೂರಾಗಿ ಬಂತು.

ಕೆಲಸ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಇಬ್ಬರೂ ಜಾಗಕ್ಕೆ ಹೋದೆವು. ಆ ಕೆರೆಯ ನೀರಗಂಟಿ, ಅಂದರೆ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಮನೆತನದವನು, ನಮಗಾಗಿ ಏರಿಯ ಮೇಲೆ ಕಾದಿದ್ದ. ನಲವತ್ತರ ಗಟ್ಟಿ ಮನುಷ್ಯ. ಕೆರೆ ಒಡೆದಿದ್ದ ವರ್ಷಗಳಲ್ಲಿ ಕೂಲಿ ಮಾಡಿ ಬದುಕಿದ್ದವನಿಗೆ ಈಗ ಮತ್ತೆ ತನ್ನ ಕೆಲಸ ಬರುತ್ತದೆಂಬ ಹಿಗ್ಗು. ಒಂದು ದೊಡ್ಡ ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟ.

ಓವರ್‌ಸಿಯರ್ ಅವನನ್ನು ಹಳೆಯ ಕೋಡಿ ಎಲ್ಲಿತ್ತೆಂದು ಕೇಳಿದರು. ಅವನು ಲಂಟಾನದ ಪೊದೆ ಸರಿಸಿ ತೋರಿಸಿದ. ಮಣ್ಣಿನಲ್ಲಿ ಅರ್ಧ ಹುಗಿದ ಕಲ್ಲಿನ ಸಾಲು. ಓವರ್‌ಸಿಯರ್ ಒಂದು ತುದಿಯಿಂದ ಹೆಜ್ಜೆ ಹಾಕತೊಡಗಿದರು. ಬಾಯಲ್ಲಿ ಎಣಿಸುತ್ತಾ ಹೋದರು, ಹೋದರು, ಹೋದರು. ಅಷ್ಟು ದೂರದಿಂದ ಕೂಗಿ ಹೇಳಿದರು:

"ನೂರಿಪ್ಪತ್ತು ಹೆಜ್ಜೆ ಸ್ವಾಮಿ! ನನ್ನ ಹೆಜ್ಜೆ ಎರಡೂವರೆ ಅಡಿ!"

ಮುನ್ನೂರು ಅಡಿ. ಅವರು ವಾಪಸ್ಸು ಬಂದು ನನ್ನ ಎದುರು ನಿಂತರು. ಉಸಿರು ಏರಿತ್ತು. "ಹಳೇ ಕಾಲದೋರು ಇಷ್ಟುದ್ದ ಸುಮ್ಸುಮ್ಕೆ ಕಟ್ಟಿರಾಕಿಲ್ಲ. ಅವರು ನೀರು ನೋಡಿದ್ರು. ಎಪ್ಪತ್ತು ಎಲ್ಲಿ, ಮುನ್ನೂರು ಎಲ್ಲಿ. ಇನ್ನೊಂದು ದಪ ಲೆಕ್ಕ ನೋಡಿ ಸ್ವಾಮಿ, ನಿಮ್ ಕಾಲಿಗೆ ಬೀಳ್ತೀನಿ."

ಅವತ್ತು ನನಗೆ ಗೊತ್ತಾಯಿತೇ? ಗೊತ್ತಾಯಿತು. ಪೂರ್ತಿ ಅಲ್ಲ. ಅವರ ಇಪ್ಪತ್ತೈದು ನೂರನ್ನು ಎಂಟೂವರೆಯಿಂದ ಭಾಗಿಸಿದರೆ ಮುನ್ನೂರರ ಹತ್ತಿರವೇ ಬರುತ್ತದೆ ಎಂದು ನಿಂತಲ್ಲೇ ಹೊಳೆಯಿತು. ಮಳೆಯ ದಾರಿಯಿಂದ ಒಂದು, ಕಲ್ಲಿನ ದಾರಿಯಿಂದ ಒಂದು. ಎರಡು ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದ್ದವು, ನನ್ನದು ಮಾತ್ರ ಬೇರೆಲ್ಲೋ ನಿಂತಿತ್ತು. ಕಚೇರಿಗೆ ಹೋಗಿ ಐದು ನಿಮಿಷ ಕಾಗದದ ಮೇಲೆ ಮಾಡಿದ್ದರೆ ಸಾಕಿತ್ತು. ಆದರೆ ಮಂಜೂರಾದ ನಕ್ಷೆ. ದೊಡ್ಡ ಸಾಹೇಬರು ಹೊಗಳಿದ ಲೆಕ್ಕ. ತಪ್ಪೆಂದು ಹೇಳಬೇಕಾದರೆ ನಾನೇ ಹೋಗಿ ಹೇಳಬೇಕು, ಓವರ್‌ಸಿಯರ್ ಹೇಳಿ ಗೊತ್ತಾಯಿತು ಅನ್ನಬೇಕು.

"ಅವರ ಕಾಲದಲ್ಲಿ ಸೂತ್ರ ಇರಲಿಲ್ಲ, ಅಂದಾಜಿನ ಮೇಲೆ ಕಟ್ಟಿದರು" ಎಂದೆ. ಎಳನೀರು ಕುಡಿದು ಬುರುಡೆಯನ್ನು ಪೊದೆಗೆ ಎಸೆದೆ.

ಕೋಡಿ ಎಪ್ಪತ್ತು ಅಡಿಯದೇ ಆಯಿತು. ಚೆಂದವಾಗಿ ಬಂತು. ಮೊದಲ ವರ್ಷ ಮಳೆ ಕಡಿಮೆ, ಕೆರೆ ಮುಕ್ಕಾಲು ತುಂಬಿತು, ಕೆಳಗೆ ಭತ್ತ ಬೆಳೆದರು. ನೀರಗಂಟಿ ಒಂದು ಮೂಟೆ ಹೊಸ ಅಕ್ಕಿ ಹೊತ್ತು ಕಚೇರಿಗೆ ಬಂದು, ತೆಗೆದುಕೊಳ್ಳಲೇಬೇಕೆಂದು ಹಟ ಹಿಡಿದ. ನಾನು ಓವರ್‌ಸಿಯರ್ ಕಡೆ ನೋಡಿ ನಕ್ಕೆ. ಅವರೂ ನಕ್ಕರು, ಪಾಪ. ತಮ್ಮ ಅಂದಾಜು ಸುಳ್ಳಾಗಲೆಂದು ಅವರು ನಿಜವಾಗಿ ಬಯಸಿದ್ದರು ಅಂತ ಈಗ ಅನ್ನಿಸುತ್ತದೆ.

ಎರಡನೆಯ ವರ್ಷ ಚಿತ್ತೆ ಮಳೆ ಹಿಡಿಯಿತು. ಕೆರೆ ಆಗಲೇ ತುಂಬಿ ಕೋಡಿ ಹರಿಯುತ್ತಿತ್ತು. ಬೆಳಿಗ್ಗೆ ಶುರುವಾದ ಮಳೆ ಮಧ್ಯಾಹ್ನದ ತನಕ ಬಿಡಲಿಲ್ಲ. ಕಚೇರಿಯ ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಓವರ್‌ಸಿಯರ್ ಕಿಟಕಿಯ ಹತ್ತಿರ ನಿಂತಿದ್ದರು. ಅಂಗಳದಲ್ಲಿ ಯಾರೋ ಬಿಟ್ಟಿದ್ದ ಬಕೆಟ್ಟಿನಲ್ಲಿ ನೀರು ಏರುವುದನ್ನು ನೋಡುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು, ತಿರುಗಲಿಲ್ಲ.

ಮಾರನೆಯ ದಿನ ಹೋಗಿ ನೋಡಿದೆವು. ಕೋಡಿ ನೆಟ್ಟಗೆ ನಿಂತಿತ್ತು, ಒಂದು ಕಲ್ಲೂ ಅಲುಗಿರಲಿಲ್ಲ. ಪಕ್ಕದ ಏರಿ ಇರಲಿಲ್ಲ. ಕೋಡಿಯ ಮಟ್ಟದಿಂದ ಏರಿಯ ತಲೆಗೆ ಐದು ಅಡಿ ಅಂತರ ಬಿಟ್ಟಿದ್ದೆವು. ಆಮೇಲೆ ಲೆಕ್ಕ ಹಾಕಿದೆ, ಆ ಎಪ್ಪತ್ತು ಅಡಿಯ ಬಾಯಲ್ಲಿ ಅಷ್ಟು ನೀರು ಹೋಗಬೇಕಾದರೆ ಐದೂವರೆ ಅಡಿ ಎತ್ತರಕ್ಕೆ ನಿಲ್ಲಬೇಕಿತ್ತು. ನೀರು ಕೋಡಿಯ ಮೇಲೂ ಹೋಯಿತು, ಏರಿಯ ಮೇಲೂ ಹೋಯಿತು. ಕೆಳಗಿನ ಗದ್ದೆಗಳಲ್ಲಿ ತೆನೆ ಬಾಗಿದ್ದ ಭತ್ತದ ಮೇಲೆ ಸೊಂಟದೆತ್ತರ ಮರಳು ಬಿದ್ದಿತ್ತು.

ನೀರಗಂಟಿ ತೂಬು ಪೂರ್ತಿ ಎತ್ತಲು ಏರಿಯ ಮೇಲೆ ಹೋಗಿದ್ದನಂತೆ. ಬೇಡವೆಂದು ಜನ ಕೂಗಿದರಂತೆ. ತೂಬಿನಲ್ಲಿ ಹೋಗುವ ನೀರು ಆ ಪ್ರವಾಹದ ಎದುರು ಏನೂ ಅಲ್ಲ, ಒಂದು ತಂಬಿಗೆಯಷ್ಟು. ಅದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನೆ ನೋಡುತ್ತ ನಿಲ್ಲಲಾಗಲಿಲ್ಲವೋ. ಹೆಣ ಎರಡು ಮೈಲಿ ಕೆಳಗೆ ರಾಗಿ ಹೊಲದ ಬದುವಿನಲ್ಲಿ ಸಿಕ್ಕಿತು. ಅವನ ಹೆಂಡತಿ ನಮ್ಮನ್ನು ನೋಡಿ ಕೈಮುಗಿದಳು. ಸರ್ಕಾರದವರು ಬಂದರು, ಏನಾದರೂ ಮಾಡುತ್ತಾರೆ ಎಂದುಕೊಂಡಿರಬೇಕು. ನಾನು ಮುಖ ತಿರುಗಿಸಿದೆ. ಓವರ್‌ಸಿಯರ್ ರುಮಾಲು ತೆಗೆದು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟರು.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ನಮ್ಮ ಕಚೇರಿಯಲ್ಲೇ, ಹಗಲು ಹನ್ನೊಂದು ಗಂಟೆಗೆ. ಲೆಕ್ಕದ ಹಾಳೆ ತೆಗೆಸಿದರು. ಮನುಷ್ಯ ಕೆಲಸ ಬಲ್ಲವರು. ಹನ್ನೆರಡರ ಘನಮೂಲವನ್ನು ಕಾಗದದ ಮೇಲೆ ಬಿಡಿಸಿದರು, ಎರಡು ಪಾಯಿಂಟ್ ಎರಡು ಒಂಬತ್ತು. ವರ್ಗ ಮಾಡಿದರು, ಐದೂ ಕಾಲು. ಐನೂರರಿಂದ ಗುಣಿಸಿ ಎರಡು ಸಾವಿರದ ಆರುನೂರ ಇಪ್ಪತ್ತು ಎಂದು ಬರೆದರು. ಎರಡು ನಿಮಿಷವೂ ಆಗಲಿಲ್ಲ. ಆಮೇಲೆ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು.

"ಲೆಕ್ಕ ಮಾಡಿದವನು ಹೊಸಬ. ಪಟ್ಟಿ ತಪ್ಪು ಓದಿದ, ಅದು ಯಾರಿಗಾದರೂ ಆಗಬಹುದು. ತಪಾಸಣೆ ಅಂತ ಇನ್ನೊಂದು ಸಹಿ ಇರುವುದು ಅದಕ್ಕೇ. ಮೂವತ್ತು ವರ್ಷ ಸರ್ವಿಸ್ ಆದವರು ನೀವು. ಐದು ಪಟ್ಟು ತಪ್ಪಿರುವುದು ನಿಮ್ಮ ಕಣ್ಣಿಗೆ ಕಾಣಲಿಲ್ಲವೇ?"

"ಕಂಡಿತ್ತು ಸ್ವಾಮಿ" ಎಂದರು ಓವರ್‌ಸಿಯರ್. "ಮೂಲೇಲಿ ಇಪ್ಪತ್ತೈದು ನೂರು ಅಂತ ಬರ್ದಿದ್ದೆ."

"ಎಲ್ಲಿ?"

ಅವರು ನನ್ನ ಕಡೆ ನೋಡಲಿಲ್ಲ. ಅಳಿಸಿದ್ದು ಯಾರೆಂದು ಹೇಳಲಿಲ್ಲ. "ಬರ್ದಿದ್ದೆ ಸ್ವಾಮಿ" ಎಂದಷ್ಟೇ ಮತ್ತೆ ಹೇಳಿದರು. ಅಧಿಕಾರಿ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ನೀವು ಹೇಳಿ. ಇದರಲ್ಲಿ ಇವರು ಏನಾದರೂ ಬರೆದಿದ್ದರೇ?"

ನಾನು ಹಾಳೆಯನ್ನು ಎತ್ತಿದೆ. ಕಿಟಕಿ ನನ್ನ ಎಡಕ್ಕಿತ್ತು. ಬೆಳಕು ಓರೆಯಾಗಿ ಹಾಳೆಯ ಮೇಲೆ ಬಿತ್ತು. ಸೀಸ ಹೋಗಿತ್ತು, ಒತ್ತಿ ಬರೆದ ಗುಳಿ ಹೋಗಿರಲಿಲ್ಲ. ಎರಡು, ಐದು, ಸೊನ್ನೆ, ಸೊನ್ನೆ. ಪ್ರಶ್ನೆಯ ಗುರುತಿನ ಕೊಕ್ಕೆ ಕೂಡ ಕಾಣುತ್ತಿತ್ತು. ಆ ಹಾಳೆಯನ್ನು ಹಾಗೆಯೇ, ಅದೇ ಓರೆಯಲ್ಲಿ ಅವರ ಕೈಗೆ ಕೊಟ್ಟಿದ್ದರೆ ಸಾಕಿತ್ತು. ನಾನು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ.

ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟೆ. "ನನಗೆ ನೆನಪಿಲ್ಲ" ಎಂದೆ.

ನನ್ನನ್ನು ಎಚ್ಚರಿಕೆ ಕೊಟ್ಟು ಬೇರೆ ಜಿಲ್ಲೆಗೆ ವರ್ಗ ಮಾಡಿದರು. ಅವರನ್ನು ಕೆಲಸದಿಂದ ತೆಗೆದರು. ತಪಾಸಣೆ ಮಾಡದೆ ಸಹಿ ಹಾಕಿದ್ದಲ್ಲದೆ, ವಿಚಾರಣೆಯಲ್ಲಿ ಸುಳ್ಳು ಹೇಳಿದರೆಂದೂ ಆದೇಶದಲ್ಲಿ ಬರೆದಿತ್ತು. ಅದರ ನಕಲನ್ನು ನನಗೂ ಕಳಿಸಿದ್ದರು.

ಎರಡು ವರ್ಷ ಕಳೆದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋದೆ. ಏನು ಹೇಳಲು ಹೋದೆನೋ ನನಗೇ ಸ್ಪಷ್ಟವಿರಲಿಲ್ಲ. ನೇಕಾರರ ಬೀದಿ, ಸಣ್ಣ ಹೆಂಚಿನ ಮನೆ. ಒಳಗೆ ಅವರ ತಮ್ಮನ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಅವರು ಜಗುಲಿಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು, ಹೆಂಗಸರು ಮಕ್ಕಳು ಮಾಡುವ ಕೆಲಸ. ಕೋಟು ಇರಲಿಲ್ಲ. ನನ್ನನ್ನು ನೋಡಿ ಏಳಲು ಹೋದರು. ಆ ಏಳುವುದನ್ನು ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಬನ್ನಿ ಸ್ವಾಮಿ, ಕೂತ್ಕಳಿ. ಕಾಫಿ ಮಾಡಿಸ್ತೀನಿ."

ಬೇಡ ಎಂದೆ. ಕೂತೆ. ನಾನು ಆ ದಿನದ ಮಾತು ತೆಗೆದೆ, ತಪ್ಪಾಯಿತು ಎಂದೆ, ಈಗಲೂ ಬರೆದು ಕೊಡುತ್ತೇನೆ ಎಂದೆ. ಮಾತು ತೊದಲುತ್ತಿತ್ತು. ಅವರು ರಾಟೆ ನಿಲ್ಲಿಸದೆ ಕೇಳಿಸಿಕೊಂಡರು.

"ಈಗ ಯಾಕೆ ಸ್ವಾಮಿ. ಆ ನೀರಗಂಟಿ ಬರಾಕಿಲ್ಲ. ನನ್ ಸರ್ವೀಸೂ ಮುಗೀತು. ನಿಮ್ದೊಂದು ಯಾಕೆ ಕಳ್ಕಂಡೀರಿ."

"ನೀವಾದರೂ ಅವತ್ತು ಹೇಳಬಹುದಿತ್ತಲ್ಲ, ಅಳಿಸಿದ್ದು ನಾನೇ ಅಂತ" ಎಂದೆ. ಎಂಥ ಮಾತು! ಅಲ್ಲೂ ತಪ್ಪನ್ನು ಅವರ ಕಡೆಗೇ ತಳ್ಳಿದೆ.

ಅವರು ರಾಟೆ ನಿಲ್ಲಿಸಿದರು. ಕೈಯಲ್ಲಿದ್ದ ನೂಲಿನ ಲಡಿಯನ್ನು ಅಂಗೈ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಹೇಳಿದರು.

"ನೀವು ಹಾಳೆನ ಕಿಟಕಿ ಕಡೆಗೆ ಓರೆ ಮಾಡಿದ್ರಲ್ಲ ಸ್ವಾಮಿ, ನಾನು ನಿಂತಿದ್ದ ಕಡೆಗೂ ಕಾಣ್ತಿತ್ತು ಅದು. ನಿಮಗೂ ಕಾಣ್ತು ಅಂತ ಗೊತ್ತಾಯ್ತು. ಓದಿದ ಹುಡುಗ, ಒಳ್ಳೇ ಮನೆಯೋನು, ಕಂಡ ಮೇಲೆ ಹೇಳ್ದೆ ಇರಾಕಿಲ್ಲ ಅಂತ ಅಂದಾಜು ಮಾಡ್ಕಂಡೆ. ಅದಕ್ಕೇ ಸುಮ್ಕಿದ್ದೆ."

ಆಮೇಲೆ ಲಡಿಯನ್ನು ರಾಟೆಗೆ ಏರಿಸಿ ಮತ್ತೆ ಸುತ್ತತೊಡಗಿದರು. ಒಳಗಿನಿಂದ ಯಾರೋ ಕಾಫಿ ತಂದಿಟ್ಟರು. ಅವರು ಅದನ್ನು ನನ್ನ ಕಡೆ ಸರಿಸಿ, ಆರೋಗ್ತದೆ ಕುಡೀರಿ ಎಂದರು.